ಐವತ್ತೆರಡು ಪಾಯಿಂಟ್ ನಾಲ್ಕು

ಎಲ್ಲರೂ ಅವರನ್ನು ರೇಖಕ್ಕ ಎಂದು ಕರೆಯುತ್ತಿದ್ದರು. ಅದು ಅವರ ಹೆಸರಲ್ಲ. ಕಚೇರಿಯ ಕಾಗದಗಳಲ್ಲಿದ್ದ ಹೆಸರು ಬೇರೆ. ಆ ಹೆಸರು ಹಿಡಿದು ಯಾರಾದರೂ ಕರೆದರೆ, ತಮ್ಮನ್ನೇ ಕರೆದದ್ದೆಂದು ತಿಳಿಯಲು ಅವರಿಗೆ ಒಂದು ಕ್ಷಣ ಬೇಕಾಗುತ್ತಿತ್ತು. ದಿನವಿಡೀ ಪರದೆಯ ಮೇಲೆ ಏರಿ ಇಳಿಯುವ ಗೆರೆಗಳನ್ನು ನೋಡುತ್ತ ಕೂರುವವರಿಗೆ ಯಾರೋ ತಮಾಷೆಗೆ ಇಟ್ಟ ಹೆಸರು ಅದು. ಇಟ್ಟವರು ಸಂಸ್ಥೆ ಬಿಟ್ಟು ಹೋದರು, ಹೆಸರು ಉಳಿಯಿತು.

ನಮ್ಮ ಸಂಶೋಧನಾ ಸಂಸ್ಥೆಯಲ್ಲಿ ಅವರ ಕೋಣೆಯೂ ನನ್ನ ಕೋಣೆಯೂ ಎದುರುಬದುರು. ನನ್ನದು ಪ್ರೋಟೀನುಗಳನ್ನು ಶುದ್ಧ ಮಾಡುವ ಕೋಣೆ: ಕಿಟಕಿಯಿದೆ, ಸದಾ ಯಾರಾದರೂ ಇರುತ್ತಾರೆ, ಪಂಪುಗಳ ಸದ್ದಿನಲ್ಲಿ ಮಾತು ಗಟ್ಟಿಯಾಗಿಯೇ ನಡೆಯುತ್ತದೆ. ಅವರ ಕೋಣೆಗೆ ಕಿಟಕಿಯಿಲ್ಲ. ಒಂದು ಮೇಜು, ಒಂದು ಕುರ್ಚಿ, ಅಕ್ಕಿಡಬ್ಬದ ಗಾತ್ರದ ಒಂದು ಯಂತ್ರ, ಅದರ ಪಕ್ಕದಲ್ಲಿ ಪರದೆ. ಎರಡನೆಯ ಕುರ್ಚಿಯೊಂದು ಹಿಂದೆ ಇತ್ತು. ಸಭಾಂಗಣಕ್ಕೆ ಕುರ್ಚಿ ಸಾಲದೆ ಬಂದಾಗ ಯಾರೋ ಒಯ್ದರು, ತಿರುಗಿ ತರಲಿಲ್ಲ. ರೇಖಕ್ಕ ಕೇಳಲೂ ಇಲ್ಲ.

ಅವರ ಕೆಲಸವನ್ನು ಸ್ಥೂಲವಾಗಿ ಹೇಳುವುದಾದರೆ, ಒಂದು ಪ್ರೋಟೀನು ಎಷ್ಟು ಬಿಸಿಯವರೆಗೆ ತನ್ನ ಆಕಾರ ಉಳಿಸಿಕೊಳ್ಳುತ್ತದೆ ಎಂದು ಅಳೆಯುವುದು. ಪ್ರೋಟೀನು ಎಂದರೆ ಒಂದು ಉದ್ದನೆಯ ಎಳೆ; ಅದು ತನ್ನಷ್ಟಕ್ಕೆ ತಾನೇ ಮಡಿಚಿಕೊಂಡು ಒಂದು ಗಂಟಾಗಿರುತ್ತದೆ. ಮಡಿಕೆಯ ಒಳಮೈ ಎಣ್ಣೆಯ ಗುಣದ್ದು, ನೀರಿಗೆ ಆಗದ್ದು. ಆದ್ದರಿಂದ ಅದು ಒಳಗೇ ಬಚ್ಚಿಟ್ಟುಕೊಂಡಿರುತ್ತದೆ. ಬಿಸಿ ಏರಿದಂತೆ ಒಂದು ಹಂತದಲ್ಲಿ ಮಡಿಕೆ ಬಿಚ್ಚಿ ಆ ಒಳಮೈ ಹೊರಬೀಳುತ್ತದೆ. ಇದನ್ನೇ ನಾವು ಪ್ರೋಟೀನು ಕರಗಿತು ಎನ್ನುತ್ತೇವೆ. ಮಂಜುಗಡ್ಡೆಯ ಕರಗುವಿಕೆಗೂ ಇದಕ್ಕೂ ಹೆಸರಿನ ಹೋಲಿಕೆ ಮಾತ್ರ. ಕಣ್ಣಿಗೆ ಕಾಣದ ಈ ಬಿಚ್ಚುವಿಕೆಯನ್ನು ಕಾಣಿಸುವುದು ಒಂದು ಕಿತ್ತಳೆ ಬಣ್ಣದ ಡೈ. ನೀರಿನಲ್ಲಿ ಅದು ಮಂಕಾಗಿರುತ್ತದೆ. ಎಣ್ಣೆಯ ಗುಣದ ಮೈ ಸಿಕ್ಕಿದರೆ ಅಂಟಿಕೊಂಡು ಹೊಳೆಯುತ್ತದೆ.

ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟಿನಲ್ಲಿ ತೊಂಬತ್ತಾರು ಪುಟ್ಟ ಗುಳಿಗಳಿರುತ್ತವೆ. ನಾವು ಅವನ್ನು ವೆಲ್ ಎನ್ನುತ್ತೇವೆ. ಪ್ರತಿ ವೆಲ್ಲಿಗೆ ಒಂದೆರಡು ಹನಿಯಷ್ಟು ಪ್ರೋಟೀನು, ಆಮ್ಲೀಯತೆ ಕದಲದಂತೆ ಹಿಡಿದಿಡುವ ಬಫರ್ ದ್ರಾವಣ, ಡೈ. ಮೇಲೆ ಪಾರದರ್ಶಕ ಹಾಳೆ ಅಂಟಿಸಿ, ಗುಳ್ಳೆಗಳು ಹೋಗಲೆಂದು ಒಮ್ಮೆ ಗಿರಗಿರನೆ ತಿರುಗಿಸಿ, ಯಂತ್ರದೊಳಗೆ ಇಟ್ಟರೆ ಅದು ಇಪ್ಪತ್ತೈದು ಡಿಗ್ರಿಯಿಂದ ತೊಂಬತ್ತೈದರವರೆಗೆ ನಿಧಾನವಾಗಿ ಕಾಯಿಸುತ್ತ, ಪ್ರತಿ ವೆಲ್ಲಿನ ಹೊಳಪನ್ನು ಓದುತ್ತ ಹೋಗುತ್ತದೆ. ಪರದೆಯ ಮೇಲೆ ಗೆರೆ ಮೂಡುತ್ತದೆ. ಮೊದಲು ನೆಲಕ್ಕೆ ಒರಗಿದಂತೆ ಚಪ್ಪಟೆ, ಆಮೇಲೆ ಎದ್ದು ಏರು, ಕೊನೆಗೆ ನೆತ್ತಿ. ಇಂಗ್ಲಿಷಿನ ಎಸ್ ಅಕ್ಷರವನ್ನು ಎರಡು ಕಡೆಯಿಂದ ಹಿಡಿದು ಎಳೆದಂತೆ ಕಾಣುವ ಆ ರೇಖೆಯ ಏರಿನ ನಡುಬಿಂದುವೇ ಕರಗುವ ತಾಪ: ಅರ್ಧದಷ್ಟು ಪ್ರೋಟೀನು ಬಿಚ್ಚಿಕೊಂಡ, ಅರ್ಧದಷ್ಟು ಇನ್ನೂ ಮಡಿಚಿಕೊಂಡಿರುವ ತಾಪ. ನೆತ್ತಿಯಾದ ಮೇಲೆ ಗೆರೆ ಇಳಿಯುತ್ತದೆ. ಬಿಚ್ಚಿದ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿ ಡೈಯನ್ನು ಹೊರಗಟ್ಟುವುದರಿಂದ ಆಗುವ ಇಳಿತ ಅದು. ಆ ಇಳಿತವನ್ನು ಲೆಕ್ಕಕ್ಕೆ ಸೇರಿಸಿದರೆ ನಡುಬಿಂದು ಎತ್ತಲೋ ಜಾರುತ್ತದೆ.

ಹೊಸಬರಿಗೆ ರೇಖಕ್ಕ ಕೊಡುತ್ತಿದ್ದ ಪಾಠ ಒಂದೇ.

"ನಂಬರ್ ಆಮೇಲೆ. ಮೊದಲು ಗೆರೆ ನೋಡಿ. ಪಾದ ನೋಡಿ, ಏರು ನೋಡಿ, ನೆತ್ತಿ ನೋಡಿ. ನಂಬರನ್ನ ಈ ಕಂಪ್ಯೂಟರು ಯಾರಿಗೆ ಬೇಕಾದ್ರೂ ಕೊಡುತ್ತೆ. ವೆಲ್ಲಿಗೆ ಬರೀ ನೀರು ಹಾಕಿ ಇಟ್ರೂ ಒಂದು ನಂಬರ್ ಹುಡುಕ್ಕೊಂಡು ಬಂದು ಕೊಡುತ್ತೆ. ಅದಕ್ಕೆ ನಾಚಿಕೆ ಅನ್ನೋದೇ ಇಲ್ಲ."

ಈ ಮಾತಿಗೆ ಪ್ರತಿ ವರ್ಷವೂ ಹೊಸಬರು ನಗುತ್ತಿದ್ದರು. ಆಮೇಲೆ ತಮ್ಮ ಟ್ಯೂಬುಗಳನ್ನು ಅಲ್ಲಿ ಬಿಟ್ಟು, ಸಂಜೆ ಫಲಿತಾಂಶ ಕಳಿಸಿ ಅಕ್ಕ ಎಂದು ಹೇಳಿ ಹೋಗುತ್ತಿದ್ದರು. ಫಲಿತಾಂಶ ಮೇಲ್‌ನಲ್ಲಿ ಹೋಗುತ್ತಿತ್ತು. ಹೀಗಾಗಿ ಸಂಸ್ಥೆಯ ಅರ್ಧದಷ್ಟು ಜನರ ಪ್ರೋಟೀನುಗಳ ಸ್ವಭಾವ ರೇಖಕ್ಕನಿಗೆ ತಿಳಿದಿತ್ತು. ಅವರ ಬಗ್ಗೆ ಯಾರಿಗೂ ಏನೂ ತಿಳಿದಿರಲಿಲ್ಲ. ಮದುವೆಯಾಗಿರಲಿಲ್ಲ, ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಬೇರೆ ಊರಿನಲ್ಲಿದ್ದ ಅಣ್ಣ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. "ಊಟ ಆಯ್ತಾ, ಕೆಲಸ ಹೇಗಿದೆ, ಅತ್ತಿಗೆ ಕೇಳಿದ್ಲು ಅಂತ ಹೇಳು ಅಂದ್ಲು, ಫೋನ್ ಇಡ್ತೀನಿ"—ಇದಿಷ್ಟು ಮಾತು. ಒಂದು ಸಲ ರೇಖಕ್ಕನೇ ನನಗೆ ಅದನ್ನು ಅಣ್ಣನ ದನಿಯಲ್ಲಿ ಹೇಳಿ ತೋರಿಸಿ, "ನಾಲ್ಕೂ ಒಂದೇ ಉಸಿರಲ್ಲಿ. ಉತ್ತರಕ್ಕೆ ಜಾಗವೇ ಇಡಲ್ಲ" ಎಂದು ನಕ್ಕಿದ್ದರು.

ಆದರೆ ಅವರ ಪ್ಲೇಟಿನಲ್ಲಿ ಎಲ್ಲರ ಪ್ರೋಟೀನುಗಳ ಜೊತೆ ಒಂದು ಪ್ರೋಟೀನು ಸದಾ ಇರುತ್ತಿತ್ತು. ಅಂಚಿನ ವೆಲ್‌ಗಳಲ್ಲಿ ನೀರು ಆವಿಯಾಗುವ ಭಯವಿರುವುದರಿಂದ ಪ್ಲೇಟಿನ ನಡುವೆ ಎರಡು ವೆಲ್‌ಗಳನ್ನು ಅವರು ಯಾರಿಗೂ ಕೊಡುತ್ತಿರಲಿಲ್ಲ. ಅವು ಗಿಣಿಯ ವೆಲ್‌ಗಳು.

ಗಿಣಿ ಅವರ ಗೆಳತಿ. ಆ ಎರಡನೆಯ ಕುರ್ಚಿಯಲ್ಲಿ ಹಲವು ವರ್ಷ ಕೂತಿದ್ದವಳು. ಬಾಯಿ ಮುಚ್ಚಿ ಗೊತ್ತಿಲ್ಲದವಳಾದ್ದರಿಂದ ಆ ಹೆಸರು. ಹನಿ ಅಳೆದು ಹಾಕುವ ಪಿಪೆಟ್ ಹಿಡಿದಾಗಲೂ ಮಾತು, ಮಾಸ್ಕ್ ಹಾಕಿದಾಗಲೂ ಮಾತು. ಆದರೆ ಕೈ ಮಾತ್ರ ಬಂಗಾರ. ಅವಳು ಸಂಸ್ಥೆ ಬಿಡುವ ಮೊದಲು ತನ್ನ ಕೆಲಸದ ಪ್ರೋಟೀನೊಂದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ, ಒಂದು ಪ್ಲೇಟಿಗೆ ಆಗುವಷ್ಟನ್ನೇ ಒಂದೊಂದು ಪುಟ್ಟ ಟ್ಯೂಬಿಗೆ ಹಾಕಿ, ದ್ರವ ಸಾರಜನಕದಲ್ಲಿ ಅದ್ದಿ ಹೆಪ್ಪುಗಟ್ಟಿಸಿ, ಡಬ್ಬಿ ಡಬ್ಬಿಯಾಗಿ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿ ಇಟ್ಟಿದ್ದಳು. "ಇದನ್ನ ನಿನ್ನ ಮಾನದಂಡ ಮಾಡ್ಕೋ. ಪ್ರತಿ ಸಲ ಒಂದೇ ತಾಪಕ್ಕೆ ಕರಗಿದ್ರೆ ಮಶೀನು ಸರಿ, ಡೈ ಸರಿ, ನಿನ್ನ ಕೈ ಸರಿ. ನಾನಿಲ್ಲ ಅಂತ ಅಳಬೇಡ, ದಿನಾ ಬೆಳಿಗ್ಗೆ ನನ್ನ ಪ್ರೋಟೀನು ನೋಡು" ಎಂದಿದ್ದಳಂತೆ. ಗಂಡನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತ್ತು, ಹೋದಳು. ಮೊದಮೊದಲು ದಿನಕ್ಕೆರಡು ಮೆಸೇಜು, ಆಮೇಲೆ ಫೋಟೋಗಳು, ಆಮೇಲೆ ಕೇಳಿದ್ದಕ್ಕೊಂದು ಹೆಬ್ಬೆರಳ ಚಿತ್ರ. ಜಗಳವೇನೂ ಆಗಲಿಲ್ಲ.

ಗಿಣಿಯ ಪ್ರೋಟೀನು ಕರಗುತ್ತಿದ್ದದ್ದು ಐವತ್ತೆರಡು ಪಾಯಿಂಟ್ ನಾಲ್ಕು ಡಿಗ್ರಿಯಲ್ಲಿ. ಒಮ್ಮೊಮ್ಮೆ ಐವತ್ತೆರಡೂವರೆ, ಒಮ್ಮೊಮ್ಮೆ ಐವತ್ತೆರಡು ಪಾಯಿಂಟ್ ಮೂರು. ಅಷ್ಟು ಅಲುಗಾಟ ಈ ವಿಧಾನದಲ್ಲಿ ಸಹಜ. ಸಂಜೆ ಕೋಣೆಗೆ ಬೀಗ ಹಾಕುವಾಗ ನಾನು ವಾಡಿಕೆಯಂತೆ "ಏನಂತೆ ಗಿಣಿ?" ಎಂದು ಕೇಳುತ್ತಿದ್ದೆ. "ಹಾಗೇ ಇದ್ದಾಳೆ" ಎನ್ನುತ್ತಿದ್ದರು. ನಮ್ಮಿಬ್ಬರ ನಡುವಿನ ಸಂಭಾಷಣೆ ಬಹುಪಾಲು ದಿನ ಇಷ್ಟೇ.

ಸಂಖ್ಯೆ ಯಾವಾಗ ಇಳಿಯತೊಡಗಿತು ಎಂದು ಹೇಳುವುದು ಕಷ್ಟ. ಐವತ್ತೆರಡಕ್ಕೆ ಬಂದಾಗ ಅವರು ಡೈಯ ಹೊಸ ಬಾಟಲಿ ತೆರೆದರು. ಇನ್ನೂ ಇಳಿದಾಗ ಬಫರ್ ಹೊಸದಾಗಿ ಮಾಡಿದರು, ಪಿಪೆಟ್‌ಗಳನ್ನು ಅವು ಬಿಡುವ ನೀರಿನ ತೂಕದಿಂದ ಪರೀಕ್ಷಿಸಿದರು. ಐವತ್ತೊಂದು ಪಾಯಿಂಟ್ ಮೂರಕ್ಕೆ ಬಂದು ನಿಂತಾಗ ಯಂತ್ರದ ಕಂಪನಿಗೆ ಫೋನು ಮಾಡಿದರು. ಬಂದ ಎಂಜಿನಿಯರು ಬಾಯಿಬಡುಕ ಮನುಷ್ಯ. ತಾಪ ಅಳೆಯುವ ಕಡ್ಡಿಯನ್ನು ವೆಲ್‌ಗಳು ಕೂರುವ ಲೋಹದ ಬ್ಲಾಕಿಗೆ ತೂರಿಸಿ, ಬಿಸಿ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದ.

"ಮೇಡಂ, ನಿಮ್ಮ ಮಶೀನು ನನಗಿಂತ ಆರೋಗ್ಯವಾಗಿದೆ."

"ಹಾಗಾದ್ರೆ ನೀವು ಡಾಕ್ಟರಿಗೆ ತೋರಿಸ್ಕೊಳ್ಳಿ. ಮಶೀನನ್ನ ಇನ್ನೊಂದು ಸಲ ಅಳೀರಿ."

ಅವನು ಇನ್ನೊಂದು ಸಲ ಅಳೆದ. "ಇಗೋ. ಐವತ್ತಕ್ಕೆ ಐವತ್ತು, ಎಪ್ಪತ್ತಕ್ಕೆ ಎಪ್ಪತ್ತು. ಕೂದಲೆಳೆ ಹೆಚ್ಚುಕಮ್ಮಿ."

"ಬ್ಲಾಕಿನ ಬಿಸಿ ಸರಿ ಇರಬಹುದು. ವೆಲ್ ಒಳಗಿನ ನೀರಿನ ಬಿಸಿ ನಿಮಗೆ ಹೇಗೆ ಗೊತ್ತು?"

"ನೀರಿನ ಬಿಸಿ ನೀರಿಗೇ ಗೊತ್ತು ಮೇಡಂ. ನನ್ನ ಹತ್ರ ಇರೋದು ಇದೊಂದು ಕಡ್ಡಿ."

"ನನ್ನ ಹತ್ರ ಇರೋದು ಕಡ್ಡಿಗಿಂತ ಒಳ್ಳೇದು" ಎಂದರು ರೇಖಕ್ಕ. ಎಂಜಿನಿಯರು ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ.

ಅಂದಿನಿಂದ ಅವರು ಹೊರಗೆ ಕಳಿಸುವ ಪ್ರತಿ ಫಲಿತಾಂಶಕ್ಕೂ ಒಂದು ಪಾಯಿಂಟ್ ಒಂದು ಡಿಗ್ರಿ ಕೂಡಿಸತೊಡಗಿದರು. ಯಂತ್ರ ಕಡಿಮೆ ತೋರಿಸುತ್ತಿದೆ, ಗಿಣಿಯ ಪ್ರೋಟೀನು ಅದನ್ನು ಹಿಡಿದುಕೊಟ್ಟಿದೆ, ಆದ್ದರಿಂದ ಅಷ್ಟನ್ನು ಸೇರಿಸಬೇಕು ಎಂಬುದು ಅವರ ವಾದ. ಕಳ್ಳತನವೇನಲ್ಲ, "ಮಾನದಂಡ ಪ್ರೋಟೀನಿನ ಪ್ರಕಾರ ತಿದ್ದಿದ ಸಂಖ್ಯೆ" ಎಂದು ಪ್ರತಿ ಮೇಲ್‌ನ ಕೊನೆಯಲ್ಲಿ ಬರೆಯುತ್ತಿದ್ದರು. ಅದನ್ನು ಯಾರೂ ಓದಲಿಲ್ಲ. ಓದಿದ್ದರೂ ಬಹಳ ಜನರಿಗೆ ವ್ಯತ್ಯಾಸವಾಗುತ್ತಿರಲಿಲ್ಲ. ಔಷಧದ ಅಣು ಕೂಡಿಸಿದ ವೆಲ್ಲನ್ನೂ ಕೂಡಿಸದ ವೆಲ್ಲನ್ನೂ ಅದೇ ಪ್ಲೇಟಿನಲ್ಲಿ ಹೋಲಿಸುವವರಿಗೆ ಎರಡೂ ಕಡೆ ಒಂದೇ ಮೊತ್ತ ಸೇರಿದರೆ ನಡುವಿನ ಅಂತರ ಬದಲಾಗುವುದಿಲ್ಲವಲ್ಲ.

ವ್ಯತ್ಯಾಸವಾದದ್ದು ಒಬ್ಬರಿಗೆ. ಅವರನ್ನು ನಾವು ಕಿಣ್ವದ ಡಾಕ್ಟರು ಎನ್ನುತ್ತಿದ್ದೆವು. ಬಟ್ಟೆ ಗಿರಣಿಯ ಬಿಸಿ ತೊಟ್ಟಿಗಳಲ್ಲಿ ಗಂಜಿ ಬಿಡಿಸುವ ಒಂದು ಕಿಣ್ವವನ್ನು ಇನ್ನಷ್ಟು ಬಿಸಿ ತಾಳುವಂತೆ ಮಾಡುವುದು ಅವರ ಕೆಲಸ. ಕಿಣ್ವವೂ ಪ್ರೋಟೀನೇ, ಎಳೆಯಲ್ಲಿ ಒಂದು ಕೊಂಡಿ ಬದಲಿಸಿ ಹೊಸ ರೂಪ ಮಾಡುವುದು, ರೇಖಕ್ಕನಿಗೆ ಕೊಡುವುದು, ಕರಗುವ ತಾಪ ಏರಿತೋ ನೋಡುವುದು. ಮೂಲ ಕಿಣ್ವವನ್ನು ಅವರು ಬಹಳ ಹಿಂದೆ ಅಳೆಸಿದ್ದರು: ಅರವತ್ತೊಂದು ಪಾಯಿಂಟ್ ಮೂರು. ಹೊಸ ರೂಪದ ಜೊತೆಗೆ ಮೂಲವನ್ನೂ ಅದೇ ಪ್ಲೇಟಿನಲ್ಲಿ ಹಾಕಿ ಎಂದು ರೇಖಕ್ಕ ಹೇಳಿದರೆ, "ಅದರ ನಂಬರ್ ಗೊತ್ತಿದೆಯಲ್ಲ ಅಕ್ಕ, ಗೊತ್ತಿರೋದನ್ನ ಮತ್ತೆ ಕೇಳೋದು ಯಾಕೆ?" ಎನ್ನುತ್ತಿದ್ದರು. ಮೂಲವನ್ನು ಮತ್ತೆ ತಯಾರಿಸಲು ಸೋಮಾರಿತನ, ಅಷ್ಟೇ. ಈಗ ಹೊಸ ರೂಪವೊಂದು ಅರವತ್ತೆರಡೂವರೆಗೆ ಬಂದಿತ್ತು. ಒಂದು ಕೊಂಡಿಗೆ ಒಂದು ಡಿಗ್ರಿಗಿಂತ ಹೆಚ್ಚು. ಅವರು ಕುಣಿದಾಡಲಿಲ್ಲ ಎಂದರೆ ಕಾರಿಡಾರು ಅಗಲವಿರಲಿಲ್ಲ ಅಷ್ಟೇ. ಆ ರೂಪದ ಮೇಲೆ ಇನ್ನೂ ಬದಲಾವಣೆಗಳನ್ನು ಕಟ್ಟುವ ಯೋಜನೆ ಬರೆದರು, ಪ್ರಬಂಧವೂ ತಯಾರಾಗತೊಡಗಿತು.

ಪ್ರಬಂಧಕ್ಕೆ ಚಿತ್ರ ಬೇಕಿತ್ತು. "ಅಕ್ಕ, ನಂಬರ್ ಸಾಲದಂತೆ, ಗೆರೆಗಳೇ ಬೇಕಂತೆ. ಸ್ವಲ್ಪ ಚೆಂದ ಮಾಡಿ ಕೊಡಿ."

"ಗೆರೆ ಹೇಗಿದೆಯೋ ಹಾಗೆ ಕೊಡ್ತೀನಿ. ಚೆಂದ ಬೇಕಿದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ."

ಗೆರೆ ಕೊಡಬೇಕೆಂದರೆ ತಾಪದ ಅಕ್ಷವನ್ನೂ ಒಂದು ಪಾಯಿಂಟ್ ಒಂದರಷ್ಟು ಸರಿಸಬೇಕು. ಸರಿಸಿದ್ದಕ್ಕೆ ಆಧಾರವನ್ನೂ ತೋರಿಸಬೇಕು. ಆಧಾರ ತಮ್ಮ ಬಳಿಯೇ ಇದೆಯೆಂದು ರೇಖಕ್ಕನಿಗೆ ಖಾತ್ರಿಯಿತ್ತು. ಗಿಣಿಯ ಪ್ರೋಟೀನಿನ ಮೊದಲ ವರ್ಷದ ಗೆರೆಯನ್ನೂ ಈಗಿನ ಗೆರೆಯನ್ನೂ ತೆಗೆದು, ಈಗಿನದನ್ನು ಅಷ್ಟು ಬಲಕ್ಕೆ ಜರುಗಿಸಿದರೆ ಎರಡೂ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಯಂತ್ರ ತಾಪವನ್ನು ತಪ್ಪು ಹೇಳುತ್ತಿದ್ದರೆ ಗೆರೆಯ ಜಾಗ ಬದಲಾಗುತ್ತದೆ, ಆಕಾರ ಬದಲಾಗುವುದಿಲ್ಲ. ಅವರು ನನ್ನ ಕೋಣೆಯ ಬಾಗಿಲಿಗೆ ಬಂದರು. "ಒಂದು ನಿಮಿಷ ಬನ್ನಿ. ಸಾಕ್ಷಿಗೆ ಒಬ್ಬರು ಬೇಕು." ಅವರು ಕರೆದದ್ದೇ ಅಪರೂಪ, ಕೈಗವಸು ತೆಗೆದು ಹೋದೆ. ಕೂರಲು ಜಾಗವಿಲ್ಲದ್ದರಿಂದ ಅವರ ಬೆನ್ನ ಹಿಂದೆ ನಿಂತೆ.

ಯಂತ್ರದ ತಂತ್ರಾಂಶ ದಿನನಿತ್ಯದ ವರದಿಯಲ್ಲಿ ಪ್ರತಿ ಗೆರೆಯನ್ನೂ ಸೊನ್ನೆಯಿಂದ ನೂರರವರೆಗೆ ಹಿಗ್ಗಿಸಿ ತೋರಿಸುತ್ತದೆ. ಆಗ ಎಲ್ಲ ಪಾದಗಳೂ ನೆಲದ ಮೇಲೆ, ಎಲ್ಲ ನೆತ್ತಿಗಳೂ ಒಂದೇ ಎತ್ತರದಲ್ಲಿ. ಪ್ರಬಂಧಕ್ಕೆ ಕಚ್ಚಾ ಗೆರೆಗಳೇ ಬೇಕಿದ್ದುದರಿಂದ ಅವರು ಆ ಹಿಗ್ಗಿಸುವಿಕೆಯನ್ನು ತೆಗೆದರು. ಮೊದಲು ಹಳೆಯ ಗೆರೆ ಬಂತು: ತಳಕ್ಕೆ ಅಂಟಿದ ಪಾದ, ಕಡಿದಾದ ಏರು, ಎತ್ತರದ ನೆತ್ತಿ. ನೋಡಲು ನಿಜಕ್ಕೂ ಚೆಂದವಿತ್ತು.

"ನೋಡಿ, ಇದು ಅವಳು" ಎಂದರು. ಆಮೇಲೆ ಈಗಿನ ಗೆರೆಯನ್ನು ತಂದು ಬಲಕ್ಕೆ ಜರುಗಿಸಿದರು.

ಕೂರಲಿಲ್ಲ. ನಡುಬಿಂದುಗಳು ಒಂದಾದವು, ಉಳಿದದ್ದೊಂದೂ ಒಂದಾಗಲಿಲ್ಲ. ಹೊಸ ಗೆರೆಯ ಪಾದ ನೆಲ ಬಿಟ್ಟು ಮೇಲೆದ್ದಿತ್ತು: ಕಾಯಿಸುವ ಮೊದಲೇ ಹೊಳಪಿತ್ತು, ಎಂದರೆ ಡೈಗೆ ಅಂಟಿಕೊಳ್ಳಲು ಆಗಲೇ ಬಿಚ್ಚಿದ ಮೈ ಸಿಕ್ಕಿತ್ತು. ಏರು ಹಳೆಯದರಷ್ಟು ಕಡಿದಾಗಿರದೆ ಒರಗಿಕೊಂಡಂತಿತ್ತು. ನೆತ್ತಿ ತಗ್ಗಿನಲ್ಲಿತ್ತು.

ರೇಖಕ್ಕ ಗೆರೆಯನ್ನು ಎಡಕ್ಕೆ ಜರುಗಿಸಿದರು, ಬಲಕ್ಕೆ ಜರುಗಿಸಿದರು.

"ಡೈ ಬೇರೆ ಬಾಟಲಿದು" ಎಂದರು ಕೊನೆಗೆ.

ಆಮೇಲೆ ತಾವೇ ಅದೇ ಪ್ಲೇಟಿನ ಬೇರೆ ವೆಲ್‌ಗಳ ಗೆರೆಗಳನ್ನು ಒಂದೊಂದಾಗಿ ತೆರೆದರು. ಅದೇ ಬಾಟಲಿಯ ಡೈ, ಅದೇ ಬಫರ್, ಅದೇ ದಿನ. ಬೇರೆಯವರ ತಾಜಾ ಪ್ರೋಟೀನುಗಳು. ಎಲ್ಲದರ ಪಾದವೂ ನೆಲದ ಮೇಲಿತ್ತು.

"ಡೈ ಅಲ್ಲ" ಎಂದರು. ಗಿಣಿಯ ಎರಡು ಗೆರೆಗಳನ್ನು ಮತ್ತೆ ತೆರೆದು, "ಮಶೀನೂ ಅಲ್ಲ" ಎಂದರು.

ಉಳಿದದ್ದು ಗಿಣಿಯ ಪ್ರೋಟೀನು. ನಡುವೆ ಒಮ್ಮೆ ಅದಿದ್ದ ಫ್ರೀಜರನ್ನು ಒಂದು ಮಹಡಿಯಿಂದ ಇನ್ನೊಂದಕ್ಕೆ ಸಾಗಿಸಿದ್ದರು. ಅದರ ಬಾಗಿಲನ್ನು ದಿನಕ್ಕೆ ಹತ್ತಾರು ಕೈಗಳು ತೆರೆಯುತ್ತಿದ್ದವು. ಮೈನಸ್ ಎಂಬತ್ತರಲ್ಲಿಯೂ ವಸ್ತುಗಳು ಬಹಳ ನಿಧಾನವಾಗಿ ಹಳತಾಗುತ್ತವೆ. ಯಾವ ಕಾರಣವೋ ಹೇಳಲಾಗದು. ಪ್ರತಿ ಟ್ಯೂಬಿನಲ್ಲೂ ಒಂದಷ್ಟು ಪಾಲು ಕೆಟ್ಟು ಬಿಚ್ಚಿಹೋಗಿತ್ತು, ಉಳಿದ ಪಾಲು ಸಡಿಲವಾಗಿತ್ತು. ಬೇರೆ ಯಾರ ಪ್ರೋಟೀನಿನ ಗೆರೆ ಹೀಗೆ ಬಂದಿದ್ದರೂ ರೇಖಕ್ಕ ಒಂದು ನೋಟದಲ್ಲಿ, "ಇದು ಹಳತಾಗಿದೆ, ಹೊಸದು ಮಾಡ್ಕೊಂಡು ಬನ್ನಿ" ಎಂದು ವಾಪಸು ಕಳಿಸುತ್ತಿದ್ದರು. ಗಿಣಿಯದನ್ನು ಮಾತ್ರ ಅವರು ಈಚೆಗೆ ಗೆರೆಯಾಗಿ ನೋಡಿರಲೇ ಇಲ್ಲ. ಕ್ಷೇಮಸಮಾಚಾರ ಕೇಳಿದಂತೆ ಸಂಖ್ಯೆ ಕೇಳಿ ಮುಂದೆ ಹೋಗುತ್ತಿದ್ದರು.

"ನೀವು ಏನಾದ್ರೂ ಹೇಳಿ" ಎಂದರು.

"ಕಿಣ್ವದ ಡಾಕ್ಟರಿಗೆ ಹೇಳಬೇಕಾಗುತ್ತೆ" ಎಂದೆ. ಆ ಹೊತ್ತಿಗೆ ಅದು ಆಡಬೇಕಾದ ಮಾತಾಗಿತ್ತೋ ಇಲ್ಲವೋ, ಈಗಲೂ ತಿಳಿಯದು. ಅವರು ತಲೆಯಾಡಿಸಿದರು.

ಆದರೂ ಅಂದಾಜಿನ ಮೇಲೆ ಹೇಳುವುದು ಅವರ ಜಾಯಮಾನವಲ್ಲ. ಮೊಟ್ಟೆಯ ಬಿಳಿಯಿಂದ ತೆಗೆದ ಲೈಸೋಜೈಮ್ ಎಂಬ ಪ್ರೋಟೀನು ಬಾಟಲಿಯಲ್ಲಿ ಪುಡಿಯಾಗಿ ಕೊಳ್ಳಲು ಸಿಗುತ್ತದೆ. ಯಂತ್ರ ಬಂದ ಹೊಸದರಲ್ಲಿ ಅದನ್ನು ಅಳೆದ ಗೆರೆ ಕಂಪ್ಯೂಟರಿನಲ್ಲಿತ್ತು. ಹೊಸ ಬಾಟಲಿ ತರಿಸಿ, ಅಂದಿನ ಬಫರ್ ಮಾಡಿ, ಅದೇ ರೀತಿ ಅಳೆದರು. ಹಳೆಯ ಗೆರೆಯ ಮೇಲೆ ಹೊಸ ಗೆರೆ ಕೂತಿತು. ಜರುಗಿಸುವ ಅಗತ್ಯ ಬರಲಿಲ್ಲ. ಎಂಜಿನಿಯರಿನ ಕಡ್ಡಿ ಹೇಳಿದ್ದು ನಿಜವಾಗಿತ್ತು.

ಕಿಣ್ವದ ಡಾಕ್ಟರನ್ನು ಕರೆಸಿ, ಮೂಲ ಕಿಣ್ವವನ್ನು ಹೊಸದಾಗಿ ತಯಾರಿಸಿ ತರಲು ಹೇಳಿದರು. ಅವರು ಗೊಣಗುತ್ತ ತಂದರು. ಮೂಲವೂ ಹೊಸ ರೂಪವೂ ಒಂದೇ ಪ್ಲೇಟಿನಲ್ಲಿ ಪಕ್ಕಪಕ್ಕ ಕೂತವು. ಪರದೆಯ ಮುಂದೆ ನಾವು ಮೂವರೂ ಇದ್ದೆವು. ಅರವತ್ತು ದಾಟಿದಾಗ ಎರಡು ಬಣ್ಣದ ಗೆರೆಗಳು ಒಟ್ಟಿಗೇ ಎದ್ದವು, ಒಟ್ಟಿಗೇ ಏರಿದವು. ಒಂದನ್ನು ಕಾಣಬೇಕಾದರೆ ಇನ್ನೊಂದನ್ನು ಮರೆಮಾಡಬೇಕು, ಅಷ್ಟು ಒತ್ತಾಗಿ. ಅರವತ್ತೊಂದು ಪಾಯಿಂಟ್ ಮೂರು, ಅರವತ್ತೊಂದು ಪಾಯಿಂಟ್ ನಾಲ್ಕು.

"ಇದೇನಕ್ಕ? ಅರವತ್ತೆರಡೂವರೆ ಎಲ್ಲಿ ಹೋಯ್ತು?"

"ಇರಲೇ ಇಲ್ಲ" ಎಂದರು ರೇಖಕ್ಕ. "ನಾನು ಕೂಡಿಸಿದ್ದು. ನಿಮ್ಮ ಹಳೇ ನಂಬರಿಗೆ ಕೂಡಿಸಿರ್ಲಿಲ್ಲ, ಹೊಸದಕ್ಕೆ ಕೂಡಿಸಿದೆ. ಮಶೀನು ಕೆಟ್ಟಿದೆ ಅಂದ್ಕೊಂಡಿದ್ದೆ. ಕೆಟ್ಟಿದ್ದು ನನ್ನ ಮಾನದಂಡ."

"ನೀವು ಅಂದ್ಕೊಂಡಿದ್ರಾ? ಎಂಜಿನಿಯರ್ ಬಂದು ಸರಿ ಇದೆ ಅಂತ ಹೇಳಿ ಹೋದ್ನಂತಲ್ಲ!"

"ಹೇಳಿ ಹೋದ."

"ಮತ್ತೆ?"

"ನಂಬಲಿಲ್ಲ."

ಡಾಕ್ಟರು ಕೂರಲು ಕುರ್ಚಿ ಹುಡುಕಿದರು, ಇರಲಿಲ್ಲ. ಗೋಡೆಗೆ ಒರಗಿದರು. "ಎಲ್ಲರಿಗೂ ಗೆರೆ ನೋಡಿ, ಗೆರೆ ನೋಡಿ ಅಂತ ಪಾಠ ಮಾಡ್ತೀರಲ್ಲ ಅಕ್ಕ. ನೀವು ಏನು ನೋಡ್ತಿದ್ರಿ?"

ಮಾತು ಒರಟಾಗಿತ್ತು, ಅನ್ಯಾಯವಾಗಿರಲಿಲ್ಲ. ಮೂಲವನ್ನೂ ಅದೇ ಪ್ಲೇಟಿನಲ್ಲಿ ಹಾಕಿ ಎಂದು ಕೇಳಿಕೊಂಡಿದ್ದನ್ನು ರೇಖಕ್ಕ ಆಗ ನೆನಪಿಸಬಹುದಿತ್ತು. ನೆನಪಿಸಲಿಲ್ಲ. "ತಪ್ಪಾಯ್ತು" ಎಂದರು. ಡಾಕ್ಟರು ಹೊರಗೆ ಹೋಗಿ, ಬಾಗಿಲ ಬಳಿ ತಿರುಗಿ ಬಂದು, "ಪ್ರಬಂಧ ಕಳಿಸೋ ಮೊದಲೇ ಗೊತ್ತಾಯ್ತಲ್ಲ, ಅಷ್ಟು ಪುಣ್ಯ" ಎಂದು, ಯಾರ ಮುಖವನ್ನೂ ನೋಡದೆ ಹೋದರು. ಅಂದು ಸಂಜೆ ರೇಖಕ್ಕ ಎಲ್ಲ ಬಳಕೆದಾರರಿಗೂ ಒಂದು ಮೇಲ್ ಕಳಿಸಿದರು: ಇಂಥ ತಿಂಗಳಿಂದ ಈಚೆಗೆ ಕೊಟ್ಟ ಸಂಖ್ಯೆಗಳಿಂದ ಒಂದು ಪಾಯಿಂಟ್ ಒಂದನ್ನು ಕಳೆಯಿರಿ; ಒಂದೇ ಪ್ಲೇಟಿನೊಳಗಿನ ಹೋಲಿಕೆಗಳಿಗೆ ತೊಂದರೆಯಿಲ್ಲ; ತಪ್ಪು ನನ್ನದು. ಇದನ್ನು ಎಲ್ಲರೂ ಓದಿದರು. ಊಟದ ಕೋಣೆಯಲ್ಲಿ ಕೆಲವು ದಿನ ಮಾತು ತಗ್ಗಿದ ದನಿಯಲ್ಲಿ ನಡೆಯಿತು. ಅವರು ಒಳಗೆ ಬಂದರೆ ಹವಾಮಾನದ ಕಡೆ ತಿರುಗುತ್ತಿತ್ತು. ಅವರು ಡಬ್ಬಿ ತೆಗೆದುಕೊಂಡು ತಮ್ಮ ಕೋಣೆಯಲ್ಲೇ ತಿನ್ನತೊಡಗಿದರು.

ಒಂದು ಮಧ್ಯಾಹ್ನ ಅವರು ಗಿಣಿಗೆ ಫೋನು ಮಾಡಲೆಂದು ನನ್ನ ಕಿಟಕಿಯ ಬಳಿ ಬಂದು ನಿಂತರು. ಅವರ ಕೋಣೆಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ನನ್ನ ಪಂಪುಗಳ ಸದ್ದಿನಲ್ಲಿ ಕೇಳಿಸಲೆಂದು ಸ್ಪೀಕರ್ ಹಾಕಿದರು; ನಾನು ಕೇಳುವುದರಲ್ಲಿ ಅವರಿಗೆ ಆಕ್ಷೇಪಣೆ ಇದ್ದಂತಿರಲಿಲ್ಲ. ಬಹಳ ಹೊತ್ತು ರಿಂಗಾಯಿತು.

"ಏನೇ, ಅಪರೂಪ! ಎಲ್ಲ ಆರಾಮಾ? ಒಂದ್ನಿಮಿಷ ಇರು—ಲೋ, ಕೈ ತೊಳ್ಕೊಂಡು ಮುಟ್ಟೋ ಅದನ್ನ!—ಹಾಂ, ಹೇಳೇ."

"ಆರಾಮೇ ಕಣೇ. ಒಂದು ವಿಷಯ ಹೇಳ್ಬೇಕಿತ್ತು. ನಿನ್ನ ಪ್ರೋಟೀನು ಹಾಳಾಗಿದೆ."

"ನನ್ನ ಏನು?"

"ಪ್ರೋಟೀನು. ಟ್ಯೂಬುಗಳಲ್ಲಿ ಹಾಕಿಟ್ಟು ಹೋಗಿದ್ಯಲ್ಲ. ಮಾನದಂಡ ಮಾಡ್ಕೋ ಅಂತ."

ಆ ಕಡೆ ಪಾತ್ರೆಗಳ ಸದ್ದಾಯಿತು. ಆಮೇಲೆ ಜೋರು ನಗು. "ಅಯ್ಯೋ ಪುಣ್ಯಾತ್ಗಿತ್ತಿ! ಅದನ್ನ ಇನ್ನೂ ಇಟ್ಕೊಂಡಿದ್ಯಾ? ನಾನೇನೋ ಒಂದೆರಡು ತಿಂಗಳಿಗೆ ಆಗ್ಲಿ ಅಂತ ಮಾಡಿಟ್ಟಿದ್ದು. ಬಿಸಾಕೇ ಅತ್ಲಾಗೆ!"

"ಐವತ್ತೊಂದು ಪಾಯಿಂಟ್ ಮೂರಕ್ಕೆ ಇಳಿದಿದೆ."

"ಮೊದ್ಲು ಎಷ್ಟಿತ್ತು? ನಲವತ್ತೇನೋ ಅಲ್ವಾ?"

ರೇಖಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು. ಕೆಳಗೆ ಯಾರೋ ವ್ಯಾನೊಂದರಿಂದ ಪೆಟ್ಟಿಗೆಗಳನ್ನು ಇಳಿಸುತ್ತಿದ್ದರು.

"ಐವತ್ತೆರಡು ಪಾಯಿಂಟ್ ನಾಲ್ಕು."

"ಅಷ್ಟೆಲ್ಲ ಯಾರು ನೆನಪಿಟ್ಕೋತಾರೆ ಹೇಳು! ನೀನು ಬಿಡು, ನೀನು ಹಾಗೇ. ಕೇಳಿಲ್ಲಿ, ಮನೆಗೆ ಯಾರೋ ಬಂದ್ರು, ಆಮೇಲೆ ನಾನೇ ಮಾಡ್ತೀನಿ, ಆಯ್ತಾ? ಊಟ ಗೀಟ ಸರಿಯಾಗಿ ಮಾಡು."

"ಆಯ್ತು ಕಣೇ" ಎಂದರು. ಫೋನನ್ನು ಕೈಯಲ್ಲೇ ಹಿಡಿದು, "ದನಿ ಹಾಗೇ ಇದೆ" ಎಂದು ನನಗೆ ಹೇಳಿದರು. ಅವರ ಮಾತಿನಲ್ಲಿ ಕಹಿಯಿರಲಿಲ್ಲ. ಅಳತೆಯೊಂದನ್ನು ವರದಿ ಮಾಡುವ ದನಿಯಿತ್ತು.

ಮರುವಾರ ಯಂತ್ರದಲ್ಲಿ ಬಿಡುವಿದ್ದ ಒಂದು ಹಗಲು, ಫ್ರೀಜರಿನಲ್ಲಿ ಉಳಿದಿದ್ದ ಗಿಣಿಯ ಟ್ಯೂಬುಗಳನ್ನೆಲ್ಲ ಅವರು ಹೊರಗೆ ತಂದರು. ಎಸೆಯುತ್ತಾರೆಂದುಕೊಂಡೆ. ಐಸಿನ ಮೇಲೆ ಸಾಲಾಗಿ ಇಟ್ಟು, ಒಂದೊಂದು ಟ್ಯೂಬಿನಿಂದ ಒಂದೊಂದು ವೆಲ್ ತುಂಬಿದರು. ಈ ಸಲ ಅಂಚಿನ ವೆಲ್‌ಗಳನ್ನೂ ಬಿಡಲಿಲ್ಲ. ಟ್ಯೂಬಿನಿಂದ ಟ್ಯೂಬಿಗೆ ಎಷ್ಟು ವ್ಯತ್ಯಾಸವಾಗಿದೆಯೆಂದು ನೋಡುವುದಕ್ಕೆ ಎಂದರು. ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಅದರ ಉತ್ತರ ಇನ್ನು ಯಾರಿಗೂ ಬೇಕಿರಲಿಲ್ಲ. ನಾನು ನನ್ನ ಕೋಣೆಯಿಂದ ಕುರ್ಚಿಯೊಂದನ್ನು ಎತ್ತಿಕೊಂಡು ಹೋಗಿ ಅವರ ಪಕ್ಕ ಹಾಕಿಕೊಂಡೆ. ಅವರು ಒಮ್ಮೆ ನೋಡಿ, ಮೇಜಿನ ಮೇಲಿನ ಪಿಪೆಟ್ ಡಬ್ಬಿಯನ್ನು ಅತ್ತ ಸರಿಸಿ ನನ್ನ ಮೊಣಕೈಗೆ ಜಾಗ ಮಾಡಿದರು.

ಪ್ಲೇಟಿನಲ್ಲಿ ಬೇರೆ ಯಾರ ಪ್ರೋಟೀನೂ ಇರಲಿಲ್ಲ. ನಲವತ್ತರವರೆಗೆ ಪರದೆಯ ಮೇಲೆ ಹೆಚ್ಚೇನೂ ನಡೆಯಲಿಲ್ಲ. ಪಾದಗಳು ಮಾತ್ರ ಒಂದೊಂದು ಒಂದೊಂದು ಎತ್ತರದಲ್ಲಿ ನಿಂತಿದ್ದವು, ಕೆಲವು ನೆಲದ ಸಮೀಪ, ಕೆಲವು ಬಹಳ ಮೇಲೆ. ಆಮೇಲೆ ಒಂದು ಎದ್ದಿತು, ಅದರ ಹಿಂದೆ ಇನ್ನೊಂದು. ಹಿಂದೆ ಒಂದೇ ಗೆರೆಯಂತೆ ಬರುತ್ತಿದ್ದದ್ದು ಈಗ ಬೀಸಣಿಗೆಯಂತೆ ಬಿಚ್ಚಿಕೊಂಡು ಏರಿತು. ಐವತ್ತೆರಡರ ಆಸುಪಾಸಿನಲ್ಲಿ ಕಡಿದಾಗಿ ಏರಿದ ಗೆರೆ ಒಂದಾದರೂ ಇದೆಯೇ ಎಂದು ನಾನು ಹುಡುಕಿದೆ. ಇರಲಿಲ್ಲ. ರೇಖಕ್ಕ ಹುಡುಕುತ್ತಿದ್ದಂತೆ ಕಾಣಲಿಲ್ಲ. ನೆತ್ತಿಗಳಾದವು, ಇಳಿತವೂ ಆಯಿತು. ತೊಂಬತ್ತೈದಕ್ಕೆ ಯಂತ್ರ ಬೀಪ್ ಎಂದಿತು. ತಂತ್ರಾಂಶ ಎಂದಿನಂತೆ ನಡುಬಿಂದುಗಳನ್ನು ಲೆಕ್ಕ ಹಾಕಲೇ ಎಂದು ಕೇಳಿತು.

ಅವರು ಬೇಡ ಎಂದು ಒತ್ತಿದರು.

ಬಿಸಿ ಇಳಿದ ಮೇಲೆ ಪ್ಲೇಟನ್ನು ಹೊರತೆಗೆದು, ಹಾಳೆಯಡಿಯ ಕಿತ್ತಳೆ ಹನಿಗಳನ್ನು ಬೆಳಕಿಗೆ ಹಿಡಿದು ನೋಡಿ, ತ್ಯಾಜ್ಯದ ಚೀಲಕ್ಕೆ ಹಾಕಿದರು. ಖಾಲಿ ಟ್ಯೂಬುಗಳನ್ನೂ ಹಾಕಿ ಚೀಲದ ಬಾಯಿ ಕಟ್ಟಿದರು. ನಾಳಿನ ಪ್ಲೇಟಿಗೆಂದು ಲೈಸೋಜೈಮ್ ಪುಡಿಯನ್ನು ತೂಗತೊಡಗಿದರು. ನಾನು ಕುರ್ಚಿಯನ್ನು ಅಲ್ಲೇ ಬಿಟ್ಟು ಎದ್ದೆ.